45 ಅನ್ನೋ ಒಂದೇ ಉತ್ತರ, ಅದರ ಹಿಂದೆ ಮೂರು ದಾರಿ

ನಾನು ಸಂಜೆ ಹೊತ್ತು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮ್ಯಾಥ್ಸ್ ಟ್ಯೂಷನ್ ಹೇಳ್ತೀನಿ, ಹನ್ನೆರಡು ಜನರ ಒಂದು ಬ್ಯಾಚು, ಎಲ್ಲರೂ ಕನ್ನಡ ಮೀಡಿಯಂ. ಈ ಪ್ರಕರಣದಲ್ಲಿರೋ ಹುಡುಗನ ಹೆಸರು ಊರು ಶಾಲೆ ಯಾವುದನ್ನೂ ಹಾಕ್ತಿಲ್ಲ, ಗುರುತು ಸಿಗಬಹುದಾದ ಒಂದೆರಡು ವಿವರ ಬದಲಾಯಿಸಿದೀನಿ, ಲೆಕ್ಕಗಳನ್ನ ಮಾತ್ರ ಇದ್ದ ಹಾಗೇ ಇಟ್ಟಿದೀನಿ, ಯಾಕಂದ್ರೆ ಇಲ್ಲಿ ಇರೋ ವಿಷಯವೇ ಆ ಅಂಕಿಗಳದ್ದು.

ಹುಡುಗ ವಾರದಲ್ಲಿ ಎರಡೇ ದಿನ ಬರ್ತಿದ್ದ, ಉಳಿದ ದಿನ ಮನೇಲೇ ಲೆಕ್ಕ ಮಾಡಿ ರಾತ್ರಿ ಅವರಪ್ಪ ಬಂದ ಮೇಲೆ ಅವರ ಫೋನಿಂದ ವಾಟ್ಸಾಪ್ ಮಾಡ್ತಿದ್ದ. ಫೋಟೋ ಕಳಿಸು ಅಂದ್ರೆ ಕ್ಯಾಮೆರಾ ಮಂಜು ಮಂಜು ಬರ್ತದೆ ಮಿಸ್ ಅನ್ನೋನು, ನಿಜವಾಗ್ಲೂ ಒಂದ್ಸಲ ಕಳಿಸಿದ್ದ ಫೋಟೋದಲ್ಲಿ ಏನೂ ಕಾಣ್ತಿರಲಿಲ್ಲ. ಭಿನ್ನರಾಶಿ ಟೈಪ್ ಮಾಡೋದು ಅವನಿಗೆ ದೊಡ್ಡ ಕಷ್ಟ. ಹಾಗಾಗಿ ಬರೀ ಉತ್ತರ ಬರ್ತಿತ್ತು, "ಮಿಸ್ 7ನೇದು 12 ಕರೆಕ್ಟಾ", "ಮಿಸ್ 8ನೇದು 3/2 ಕರೆಕ್ಟಾ". ನಾನು ಪುಸ್ತಕದ ಹಿಂದಿನ ಉತ್ತರಕ್ಕೆ ಹೋಲಿಸಿ ಸರಿ ತಪ್ಪು ಅಂತ ಹೇಳ್ತಿದ್ದೆ. ರಾತ್ರಿ ಒಂಬತ್ತೂವರೆಗೆ ಹನ್ನೆರಡು ಮಕ್ಕಳ ಮೆಸೇಜ್ ನೋಡುವಾಗ ಅದಕ್ಕಿಂತ ಹೆಚ್ಚು ಮಾಡಬೇಕು ಅಂತ ಅವಾಗ ಅನಿಸಿರಲಿಲ್ಲ.

ವರ್ಗ ಸಮೀಕರಣ ಅಧ್ಯಾಯ ನಡೀತಿತ್ತು. ಮೊದಲು ಬಂದಿದ್ದು ಹತ್ತನೇ ಕ್ಲಾಸಿನ ಪುಸ್ತಕದಲ್ಲಿದ್ದ ಮೈಸೂರು ಬೆಂಗಳೂರು ರೈಲಿನ ಲೆಕ್ಕ, ಇದನ್ನ ಮಾಡದೇ ಇರೋ ಮಕ್ಕಳಿಲ್ಲ. 132 ಕಿ.ಮೀ. ದೂರ, ಎಕ್ಸ್‌ಪ್ರೆಸ್ ರೈಲಿಗೆ ಪ್ಯಾಸೆಂಜರ್ ರೈಲಿಗಿಂತ 1 ಗಂಟೆ ಕಡಿಮೆ ಸಾಕು, ಎಕ್ಸ್‌ಪ್ರೆಸ್ಸಿನ ಸರಾಸರಿ ಜವ 11 ಕಿ.ಮೀ. ಜಾಸ್ತಿ, ಹಾಗಾದ್ರೆ ಎರಡರ ಜವ ಎಷ್ಟು. ಹುಡುಗ "33, 44" ಅಂತ ಕಳಿಸಿದ. ಸರಿ ಇದೆ, ವೆರಿ ಗುಡ್ ಅಂತ ಬರೆದೆ. ಅಲ್ಲಿಗೆ ಆ ಲೆಕ್ಕ ಮುಗೀತು ಅಂದ್ಕೊಂಡೆ.

ಮಾರನೇ ದಿನ ಅದೇ ಜಾತಿಯ ಇನ್ನೊಂದು. ಒಂದು ರೈಲು 360 ಕಿ.ಮೀ.ಯನ್ನ ಒಂದೇ ಜವದಲ್ಲಿ ಹೋಗತ್ತೆ, ಜವ ಗಂಟೆಗೆ 5 ಕಿ.ಮೀ. ಹೆಚ್ಚಿದ್ದಿದ್ರೆ 1 ಗಂಟೆ ಉಳೀತಿತ್ತು, ರೈಲಿನ ಜವ ಎಷ್ಟು? ಉತ್ತರ 40. ಹುಡುಗ ಕಳಿಸಿದ್ದು 45.

ಮೊದಲು ಮಾಡಬೇಕಾದ್ದನ್ನ ಮಾಡಿದೆ, ಉತ್ತರವನ್ನ ತಗೊಂಡು ಪ್ರಶ್ನೆಯ ಕಥೆಗೇ ಹಾಕಿ ನೋಡಿದೆ. ರೈಲು 45ರಲ್ಲಿ ಹೋದ್ರೆ 360ಕ್ಕೆ 8 ಗಂಟೆ, 50ರಲ್ಲಿ ಹೋದ್ರೆ 7 ಗಂಟೆ 12 ನಿಮಿಷ, ಉಳಿಯೋದು 48 ನಿಮಿಷ, ಒಂದು ಗಂಟೆ ಅಲ್ಲ. ಹಾಗಾಗಿ 45 ತಪ್ಪು, ಅದರಲ್ಲಿ ಡೌಟೇ ಇಲ್ಲ. ಆದ್ರೆ ತಪ್ಪು ಅಂತ ಗೊತ್ತಾಗೋದು ಬೇರೆ, ಎಲ್ಲಿ ತಪ್ಪಿದ ಅಂತ ಗೊತ್ತಾಗೋದು ಬೇರೆ, ನಾನು ಎಡವಿದ್ದು ಈ ಎರಡನೇದರಲ್ಲಿ.

ಈ ಲೆಕ್ಕದ ಸಮೀಕರಣ x² + 5x − 1800 = 0, ಅಪವರ್ತಿಸಿದ್ರೆ (x + 45)(x − 40), ಮೂಲಗಳು 40 ಮತ್ತು −45. ಅಲ್ಲಿ 45 ಕಂಡ ತಕ್ಷಣ ನನ್ನ ತಲೆ ಒಂದೇ ಕಡೆ ಓಡಿತು, ಪ್ಲಸ್ ಮೈನಸ್ ಅದಲು ಬದಲು ಮಾಡಿದಾನೆ ಅಂತ. ಹದಿನೈದು ವರ್ಷದಿಂದ ಮಕ್ಕಳು ಇದೇ ತಪ್ಪು ಮಾಡೋದನ್ನ ನೋಡಿದೀನಲ್ಲ. "ಸೈನ್ ನೋಡ್ಕೋ ಮರಿ, ಉತ್ತರ 40 ಬರಬೇಕು" ಅಂತ ಬರೆದು ಜೊತೆಗೆ ಅಪವರ್ತಿಸೋಕೆ ಹತ್ತು ಸಮೀಕರಣ ಕೊಟ್ಟೆ, ಎಲ್ಲದರಲ್ಲೂ ಮಧ್ಯದ ಪದದ ಸೈನ್ ಬೇರೆ ಬೇರೆ.

ಈಗ ಹಿಂದೆ ತಿರುಗಿ ಆ ರಾತ್ರಿಯ ಮೆಸೇಜ್ ನೋಡಿದ್ರೆ ಎರಡು ಸುಳಿವು ಕಣ್ಣ ಮುಂದೇ ಇದ್ವು. ಒಂದು, ನಾನು 40 ಅಂದ ಮೇಲೆ ಒಂದು ನಿಮಿಷ ಕೂಡ ಆಗಿಲ್ಲ, "ಓ ಹೌದು ಮಿಸ್ 40" ಅಂತ ಬಂತು. ಸೈನ್ ತಪ್ಪಿದ್ದವನು ವಾಪಸ್ ಹೋಗಿ ಅಪವರ್ತಿಸಿ ನೋಡಿ ಹೇಳೋಕೆ ಸ್ವಲ್ಪ ಹೊತ್ತಾದ್ರೂ ಬೇಕು, ಇವನ ಕೈಯಲ್ಲಿ 40 ಆಗಲೇ ಇತ್ತು. ಇನ್ನೊಂದು, ಕೊಟ್ಟ ಹತ್ತು ಸಮೀಕರಣದಲ್ಲಿ ಹತ್ತೂ ಸರಿ, ಇಪ್ಪತ್ತು ನಿಮಿಷದಲ್ಲಿ. ಸೈನ್ ತಪ್ಪು ಮಾಡೋ ಹುಡುಗ ಹತ್ತಕ್ಕೆ ಹತ್ತು ಹೇಗೆ ತೆಗೀತಾನೆ ಅಂತ ನಾನು ಕೇಳ್ಕೊಳ್ಳಬೇಕಿತ್ತು, ಬದಲಿಗೆ ನಾನು ಕೊಟ್ಟ ಅಭ್ಯಾಸದಿಂದ ಸರಿಹೋಯ್ತು ಅಂತ ಖುಷಿಪಟ್ಟೆ.

ಎರಡು ವಾರ ಆದ್ಮೇಲೆ ಶಾಲೆಯ ಟೆಸ್ಟಲ್ಲಿ ನಾಲ್ಕು ಮಾರ್ಕ್ಸಿಗೆ ವಿಮಾನದ ಲೆಕ್ಕ ಬಂತು. ವಿಮಾನ 30 ನಿಮಿಷ ತಡವಾಗಿ ಹೊರಡತ್ತೆ, 1500 ಕಿ.ಮೀ. ದೂರದ ಊರಿಗೆ ಸರಿಯಾದ ಟೈಮಿಗೆ ಸೇರೋಕೆ ಜವವನ್ನ ಗಂಟೆಗೆ 250 ಕಿ.ಮೀ. ಹೆಚ್ಚಿಸತ್ತೆ, ಮಾಮೂಲಿ ಜವ ಎಷ್ಟು. ಉತ್ತರ 750. ಅವತ್ತು ರಾತ್ರಿ ಮೆಸೇಜ್ ಬಂತು, "ಮಿಸ್ ನಾನು 500 ಬರ್ದೆ ಎಲ್ರೂ 750 ಅಂತಿದಾರೆ".

ಈ 500 ನನ್ನನ್ನ ನಿಲ್ಲಿಸಿತು. ಸೈನ್ ತಪ್ಪಿದ್ರೆ 1000 ಬರಬೇಕಿತ್ತು, ಯಾಕಂದ್ರೆ x² + 250x − 750000 = 0 ಇದರ ಮೂಲಗಳು 750 ಮತ್ತು −1000. ಅರ್ಧ ಗಂಟೆ ಅಂತ ಬದಲಾಯಿಸದೆ 30 ಅಂತಲೇ ಹಾಕಿದ್ದಿದ್ರೆ ವರ್ಗಮೂಲ ಬಿಡಿಸಲಾಗದೆ ಅಲ್ಲೇ ಸಿಕ್ಕಿ ಹಾಕ್ಕೊಳ್ತಿದ್ದ, 500ರಂಥ ದುಂಡು ಸಂಖ್ಯೆ ಬರೋ ಚಾನ್ಸೇ ಇಲ್ಲ. ಅರ್ಧ ಗಂಟೆ ಬದಲು 1 ಗಂಟೆ ಅಂತ ಹಾಕಿದ್ರೆ ಮಾತ್ರ ಸಮೀಕರಣದಿಂದ 500 ಬರತ್ತೆ, ಆದ್ರೆ 30 ನಿಮಿಷ ಅಂತ ಅಂಕಿಯಲ್ಲೇ ಕೊಟ್ಟಿರುವಾಗ ಅದನ್ನ ಒಂದು ಗಂಟೆ ಅಂತ ಯಾರು ಓದ್ತಾರೆ.

ಆ ರಾತ್ರಿ ನಾನು ಅವನಿಗೆ ಏನೂ ಉತ್ತರ ಕೊಡಲಿಲ್ಲ, ನಾಳೆ ಹೇಳ್ತೀನಿ ಅಂದೆ. ಆಮೇಲೆ ಅವನ ಹಳೇ ಮೆಸೇಜೆಲ್ಲ ಮೇಲೆ ಎಳೆದು ಈ ಅಧ್ಯಾಯದ ಉತ್ತರಗಳನ್ನ ಒಂದು ಹಾಳೆ ಮೇಲೆ ಸಾಲಾಗಿ ಬರ್ಕೊಂಡೆ, 33 ಮತ್ತು 44, ಆಮೇಲೆ 45, ಆಮೇಲೆ 500. ಅಲ್ಲೀವರೆಗೂ ತಪ್ಪು ಉತ್ತರಗಳನ್ನ ಮಾತ್ರ ನೋಡ್ತಿದ್ದೆ, ಈಗ ಸರಿ ಉತ್ತರವನ್ನೂ ಸೇರಿಸಿ ಕೇಳ್ಕೊಂಡೆ, ಇವು ಮೂರಕ್ಕೂ ಒಂದೇ ದಾರಿಯಲ್ಲಿ ಬಂದವನು ಯಾವ ದಾರಿಯಲ್ಲಿ ಬಂದಿರಬಹುದು ಅಂತ. ಈ ಪ್ರಕರಣದಲ್ಲಿ ಏನಾದ್ರೂ ತಿರುವು ಅಂತ ಇದ್ರೆ ಇದೇ.

132ನ್ನ ಒಂದೊಂದೇ ಗಂಟೆಗೆ ಭಾಗಿಸುತ್ತಾ ಹೋಗಿ. 1ಕ್ಕೆ 132, 2ಕ್ಕೆ 66, 3ಕ್ಕೆ 44, 4ಕ್ಕೆ 33. 44ಕ್ಕೂ 33ಕ್ಕೂ ವ್ಯತ್ಯಾಸ 11, ಅಲ್ಲಿಗೆ ಸಿಕ್ತು. 360 ತಗೊಳ್ಳಿ, 8 ಗಂಟೆಗೆ 45, 9 ಗಂಟೆಗೆ 40, ವ್ಯತ್ಯಾಸ 5, ಸಿಕ್ತು. 1500 ತಗೊಳ್ಳಿ, 2 ಗಂಟೆಗೆ 750, 3 ಗಂಟೆಗೆ 500, ವ್ಯತ್ಯಾಸ 250. ಮೂರೂ ಕೂತ್ಕೊಂಡ್ವು. ಹುಡುಗ ಸಮೀಕರಣವನ್ನ ತಪ್ಪಾಗಿ ಬಿಡಿಸ್ತಿಲ್ಲ, ಸಮೀಕರಣವನ್ನ ಮಾಡ್ತಾನೇ ಇಲ್ಲ ಅಂತ ಅವಾಗ ಅನುಮಾನ ಬಂತು.

ಆದ್ರೆ ಅನುಮಾನ ಅಷ್ಟೇ, ಒಂದ್ಸಲ ಸೈನ್ ಅಂತ ನಂಬಿ ಎರಡು ವಾರ ಕಳೆದಿದ್ದೆ, ಇನ್ನೊಂದ್ಸಲ ಊಹೆ ಮೇಲೆ ಪಾಠ ಮಾಡೋಕೆ ಮನಸ್ಸಾಗಲಿಲ್ಲ. ನೇರವಾಗಿ "ನೀನು x ಇಟ್ಕೊಂಡು ಮಾಡ್ತೀಯೋ ಇಲ್ವೋ" ಅಂತ ಕೇಳಿದ್ರೆ ಮಕ್ಕಳು ಬೈಸ್ಕೊಳ್ಳೋ ಭಯಕ್ಕೆ ಇಟ್ಕೋತೀನಿ ಮಿಸ್ ಅಂತಾರೆ. ಅದಕ್ಕೆ ಒಂದು ಲೆಕ್ಕ ಕಟ್ಟಿದೆ, ಉತ್ತರ ನೋಡಿದ್ರೇನೇ ಯಾವ ದಾರಿ ಅಂತ ಗೊತ್ತಾಗೋ ಥರ. ಬಸ್ಸು 180 ಕಿ.ಮೀ. ಹೋಗತ್ತೆ, ಜವ ಗಂಟೆಗೆ 15 ಕಿ.ಮೀ. ಹೆಚ್ಚಿದ್ರೆ 24 ನಿಮಿಷ ಉಳಿಯತ್ತೆ, ಮೊದಲಿನ ಜವ ಎಷ್ಟು?

ಇಲ್ಲಿ 24 ನಿಮಿಷ ಅಂದ್ರೆ 2/5 ಗಂಟೆ, ಸಮೀಕರಣ x² + 15x − 6750 = 0, ಉತ್ತರ 75. ಅಪವರ್ತಿಸುವಾಗ ಸೈನ್ ತಪ್ಪಿದ್ರೆ 90. ಜಾಸ್ತಿಯಾದ ಜವವನ್ನೇ x ಅಂತ ಇಟ್ಕೊಂಡು ಕೊನೇಲಿ 15 ಕಳೆಯೋದು ಮರೆತ್ರೂ 90. ಭಾಗಾಕಾರದ ಪಟ್ಟಿ ಮಾಡೋನಾದ್ರೆ 180, 90, 60, 45 ಅಂತ ಹೋಗಿ 60ಕ್ಕೂ 45ಕ್ಕೂ 15ರ ವ್ಯತ್ಯಾಸ ಕಂಡು ಅಲ್ಲೇ ನಿಲ್ತಾನೆ, 60 ಇಲ್ಲಾ 45 ಕಳಿಸ್ತಾನೆ. ಅಂದ್ರೆ ಸರಿ ಉತ್ತರ ಅವನ ಪಟ್ಟಿಯಲ್ಲಿ ಬರಲೇಬಾರದು, ಹಾಗೆ ನೋಡ್ಕೊಂಡು ಅಂಕಿ ಆರಿಸಿದೆ. ಇದಕ್ಕೆ ಅರ್ಧ ಗಂಟೆ ಹಿಡೀತು, ಮೊದಲು ಬರೆದ ಲೆಕ್ಕ 200 ಕಿ.ಮೀ., 10 ಕಿ.ಮೀ. ಹೆಚ್ಚು, 40 ನಿಮಿಷ ಅಂತಿತ್ತು, ಅದರ ಸರಿ ಉತ್ತರ 50, ಆದ್ರೆ ಪಟ್ಟಿಯಲ್ಲೂ 50, 40 ಜೋಡಿ ಬರ್ತಿತ್ತು, ತಪ್ಪು ದಾರಿಯಲ್ಲಿ ಹೋಗಿ ಸರಿ ಉತ್ತರ ಕಳಿಸಿಬಿಡಬಹುದಿತ್ತು. ಆ ಹಾಳೆ ಹರಿದು ಹಾಕಿದೆ.

ಹುಡುಗ 45 ಅಂತ ಕಳಿಸಿದ. ಮತ್ತೆ 45, ಆದ್ರೆ ಈ ಸಲ ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು.

ಮಾರನೇ ದಿನ ಟ್ಯೂಷನ್‌ಗೆ ಬಂದಾಗ ಬೇರೆ ಮಕ್ಕಳು ಹೋದ್ಮೇಲೆ ಕೂರಿಸ್ಕೊಂಡು ಕೇಳಿದೆ, "180ನ ಮೂರರಿಂದ ನಾಲ್ಕರಿಂದ ಭಾಗಿಸ್ದೆ ಅಲ್ವೇನೋ?" ಅವನ ಮುಖ ನೋಡಬೇಕಿತ್ತು. "ನಿಮಗೆ ಹೆಂಗೆ ಗೊತ್ತಾಯ್ತು ಮಿಸ್" ಅಂದ. ಆಮೇಲೆ ತಾನೇ ಎಲ್ಲ ಹೇಳಿದ, ರಫ್ ಬುಕ್ ಹಿಂದಿನ ಪುಟ ತೆಗೆದು ತೋರಿಸಿದ, ಅಲ್ಲಿ ಪೆನ್ಸಿಲಲ್ಲಿ ಸಣ್ಣಕ್ಕೆ ಗಂಟೆ ಒಂದು ಕಡೆ, ಸ್ಪೀಡ್ ಒಂದು ಕಡೆ ಬರ್ಕೊಂಡಿದ್ದ, ವ್ಯತ್ಯಾಸ ಸಿಕ್ಕ ಜಾಗಕ್ಕೆ ಒಂದು ಗೆರೆ. 7 ಗಂಟೆ ಹತ್ರ 360 ಭಾಗ ಆಗಲ್ಲ ಅಂತ ಅಡ್ಡಗೀಟು ಹಾಕಿ ಬಿಟ್ಟಿದ್ದ. ಅವನು ಸ್ಟೆಪ್ಸ್ ಕಳಿಸದೇ ಇದ್ದಿದ್ದಕ್ಕೆ ಕ್ಯಾಮೆರಾ ಒಂದೇ ಕಾರಣ ಆಗಿರಲಿಲ್ಲ, ಇದನ್ನ ಸ್ಟೆಪ್ಸ್ ಅಂತ ಯಾರೂ ಒಪ್ಪಲ್ಲ ಅಂತ ಅವನಿಗೆ ಗೊತ್ತಿತ್ತು.

ಆಮೇಲೆ ಅವನು ಹೇಳಿದ ಒಂದು ಮಾತು ನನಗೆ ಇವತ್ತಿಗೂ ಚುಚ್ಚತ್ತೆ. 1500ರ ಲೆಕ್ಕದಲ್ಲಿ 750, 500 ಎರಡೂ ಇತ್ತಲ್ಲ, 500 ಯಾಕೆ ಬರ್ದೆ ಅಂತ ಕೇಳಿದ್ದಕ್ಕೆ, "ಮೊದ್ಲೆಲ್ಲ ಮೊದ್ಲು ಸಿಕ್ಕಿದ್ದು ಬರೀತಿದ್ದೆ ಮಿಸ್, ಆವತ್ತು ನೀವು 45 ಅಲ್ಲ 40 ಅಂದ್ರಲ್ಲ, ಆಮೇಲಿಂದ ಚಿಕ್ಕದು ಬರೀತೀನಿ" ಅಂದ. ಅಂದ್ರೆ ನಾನು ಸೈನ್ ಬಗ್ಗೆ ಹೇಳಿದ್ದು ಅವನಿಗೆ ತಲುಪೇ ಇಲ್ಲ, 40 ಅನ್ನೋ ಉತ್ತರ ತಲುಪಿತು, ಅದರಿಂದ ಅವನು ತನ್ನದೇ ಒಂದು ನಿಯಮ ಮಾಡ್ಕೊಂಡ. ಹಳೇ ಅಭ್ಯಾಸದಲ್ಲೇ ಇದ್ದಿದ್ರೆ ಮೊದಲು ಸಿಕ್ಕ 750ನ್ನ ಬರೀತಿದ್ದ, ನನಗೆ "750" ಅಂತ ಮೆಸೇಜ್ ಬರ್ತಿತ್ತು, ನಾನು ವೆರಿ ಗುಡ್ ಅಂತಿದ್ದೆ. ಎರಡು ತಪ್ಪು ಸೇರಿ ಸರಿ ಉತ್ತರ ಕೊಟ್ಟಿದ್ರೆ ಇದು ಪಬ್ಲಿಕ್ ಎಕ್ಸಾಂವರೆಗೂ ಹಾಗೇ ಹೋಗ್ತಿತ್ತು, ಅಲ್ಲಿ ಸಮೀಕರಣಕ್ಕೆ, ಅಪವರ್ತನಕ್ಕೆ, ಮೂಲಕ್ಕೆ ಬೇರೆ ಬೇರೆ ಸ್ಟೆಪ್ ಮಾರ್ಕ್ಸ್ ಇರತ್ತೆ, ಬರೀ ಉತ್ತರಕ್ಕೆ ಸಿಗೋದು ತುಂಬ ಕಮ್ಮಿ.

ಈಗ ಅವನನ್ನ ಸರಿದಾರಿಗೆ ತರೋ ವಿಷಯ. ಇದೆಲ್ಲ ಬಿಡು, ಪುಸ್ತಕದ ಥರ ಮಾಡು ಅನ್ನಬಹುದಿತ್ತು, ಆದ್ರೆ ಆ ಪೆನ್ಸಿಲ್ ಪಟ್ಟಿ ನೋಡಿದ್ಮೇಲೆ ಹಾಗೆ ಹೇಳೋಕೆ ಆಗಲಿಲ್ಲ, ದೂರವನ್ನ ಗಂಟೆಯಿಂದ ಭಾಗಿಸಿದ್ರೆ ಸ್ಪೀಡು ಅನ್ನೋದು ಅವನಿಗೆ ಚೆನ್ನಾಗಿ ಗೊತ್ತಿದೆ, ಎಷ್ಟೋ ಮಕ್ಕಳಿಗೆ ಎಡವಟ್ಟಾಗೋದೇ ಅಲ್ಲಿ. ಅವನು ಬಿಟ್ಟಿದ್ದು ಒಂದೇ, ಟೈಮಿನ ವ್ಯತ್ಯಾಸ. ಪಟ್ಟಿಯಲ್ಲಿ ಒಂದೊಂದೇ ಗಂಟೆ ಇಳಿಯೋದ್ರಿಂದ ವ್ಯತ್ಯಾಸ ಯಾವಾಗ್ಲೂ 1 ಗಂಟೆ ತಾನೇ, ಹಾಗಾಗಿ 1 ಗಂಟೆಯ ಲೆಕ್ಕದಲ್ಲಿ ಮಾತ್ರ ಅದು ಸರಿಹೋಗತ್ತೆ, ಅದೂ ಭಾಗಾಕಾರ ಪೂರ್ತಿ ಹೋದ್ರೆ. ಅವನ ಪಟ್ಟಿಯಿಂದ ಎರಡು ಸಾಲು ಮಾತ್ರ ಇಟ್ಕೊಂಡು ಕೆಳಗೆ ಇನ್ನೆರಡು ಸಾಲು ಅವನ ಕೈಲೇ ಬರೆಸಿದೆ.

```
ಸ್ಪೀಡ್       ಗಂಟೆ
40           360/40 = 9
45           360/45 = 8

x            360/x
x + 5        360/(x + 5)
```

ಮೇಲಿನ ಎರಡು ಸಾಲಲ್ಲಿ 9ಕ್ಕೂ 8ಕ್ಕೂ ಏನು ಮಾಡಿದ್ರೆ 1 ಬರತ್ತೆ ಅಂದೆ. ಕಳೆದ್ರೆ ಅಂದ. ಹಾಗಾದ್ರೆ ಕೆಳಗಿನ ಎರಡು ಸಾಲಲ್ಲೂ ಅದನ್ನೇ ಮಾಡು ಅಂದೆ. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಕೊಂಡು ಕೂತಿದ್ದು `360/x - 360/(x+5) = 1` ಅಂತ ಬರೆದ. ಬಸ್ಸಿನ ಲೆಕ್ಕಕ್ಕೆ ಬಂದಾಗ ಬಲಗಡೆ 24 ಅಂತ ಹಾಕಿದ, ಬಿಡಿಸೋಕೆ ಹೋಗಿ ವಿಚಿತ್ರ ದಶಮಾಂಶ ಬಂತು, ಏನೋ ತಪ್ಪಾಗಿದೆ ಮಿಸ್ ಅಂತ ತಾನೇ ಹೇಳಿದ, ಎಡಗಡೆ ಎಲ್ಲ ಗಂಟೆ ಬಲಗಡೆ ನಿಮಿಷ ಅಂತ ಕಂಡುಹಿಡಿಯೋಕೆ ಐದು ನಿಮಿಷ ಬೇಕಾಯ್ತು.

ಇದಾದ ವಾರ ಇಡೀ ಬ್ಯಾಚಿಗೆ ಕಳಿಸೋ ರೀತಿ ಬದಲಾಯಿಸಿದೆ. ಫೋಟೋ ಬೇಡ, ಪೂರ್ತಿ ಸ್ಟೆಪ್ಸ್ ಟೈಪ್ ಮಾಡೋದೂ ಬೇಡ, ಮೂರು ಸಾಲು ಸಾಕು ಅಂದೆ, x ಅಂದ್ರೆ ಯಾವುದು, ಸಮೀಕರಣ ಏನು, ಉತ್ತರ ಏನು. ಬಿಡಿಸುವಾಗ ಎಲ್ಲಿ ಎಡವಿದ್ರೂ ಸಮೀಕರಣದ ಸಾಲಿಂದ ನಾನೇ ಬಿಡಿಸಿ ಕಂಡುಹಿಡಿಯಬಹುದು, ಆದ್ರೆ ಸಮೀಕರಣ ಹೇಗೆ ಬಂತು ಅನ್ನೋದನ್ನ ಉತ್ತರದಿಂದ ಹಿಂದಕ್ಕೆ ಹೋಗಿ ಹೇಳೋಕೆ ಆಗಲ್ಲ. ಆ 360ರ ಲೆಕ್ಕವನ್ನೇ ಎಲ್ಲರಿಗೂ ಮತ್ತೆ ಕೊಟ್ಟೆ, ಇನ್ನಿಬ್ಬರು 45 ಕಳಿಸಿದ್ರು.

ಒಬ್ಬ ಹುಡುಗಂದು ನಾನು ಮೊದಲು ಊಹಿಸಿದ್ದ ಸೈನ್ ತಪ್ಪೇ, ಸಮೀಕರಣ ಸರಿಯಿತ್ತು, x = ರೈಲಿನ ಜವ ಅಂತ ಬರೆದಿದ್ದ. ಇನ್ನೊಬ್ಬಳು ಹುಡುಗಿಯ ಮೊದಲನೇ ಸಾಲಲ್ಲಿ "x = ಹೆಚ್ಚಾದ ಜವ" ಅಂತಿತ್ತು, ಸಮೀಕರಣ `360/(x-5) - 360/x = 1`, ಉತ್ತರ 45. ಅವಳ ಲೆಕ್ಕದಲ್ಲಿ ಒಂದು ಸ್ಟೆಪ್ಪೂ ತಪ್ಪಿಲ್ಲ, ಕೊನೇಲಿ 5 ಕಳೆದು 40 ಅಂತ ಬರೆಯೋದು ಬಿಟ್ಟಿದ್ಲು ಅಷ್ಟೇ. ಇವರಿಬ್ಬರ ಕಡೆಯ ರೂಪ ನೋಡಿದ್ರೆ ಇಬ್ಬರದೂ (x − 45)(x + 40) = 0, ಒಬ್ಬ ತಪ್ಪು ಮಾಡಿ ಅಲ್ಲಿಗೆ ಬಂದ, ಇನ್ನೊಬ್ಬಳು ಸರಿಯಾಗಿ ಮಾಡಿ ಅಲ್ಲಿಗೆ ಬಂದ್ಲು. ಎಂಥಾ ಜಾಣತನದ ಲೆಕ್ಕ ಕಟ್ಟಿ ಕೊಟ್ರೂ ಬರೀ ಉತ್ತರದಿಂದ ಇವರಿಬ್ಬರನ್ನ ಬೇರೆ ಮಾಡೋಕೆ ಸಾಧ್ಯ ಇಲ್ಲ, ನನ್ನ ಬಸ್ಸಿನ ಲೆಕ್ಕದಲ್ಲೂ ಇಬ್ಬರಿಗೂ 90 ಅಂತ ಬರ್ತಿತ್ತು. x ಯಾವುದು ಅನ್ನೋ ಒಂದು ಸಾಲು ಮಾತ್ರ ಹೇಳತ್ತೆ.

ಆ ಹುಡುಗಿ ಪಟ್ಟು ಬಿಡಲಿಲ್ಲ. "ತಾಳೆ ನೋಡ್ದೆ ಮಿಸ್, ಸೊನ್ನೆ ಬಂತು" ಅಂದ್ಲು. ಹೌದು, ಬರತ್ತೆ, ಅವಳ ಸಮೀಕರಣ x² − 5x − 1800 = 0, ಅದಕ್ಕೆ 45 ಹಾಕಿದ್ರೆ 2025 − 225 − 1800, ಸೊನ್ನೆನೇ. ತಾನು ಬರೆದ ಸಮೀಕರಣಕ್ಕೆ ಉತ್ತರ ಹಾಕಿ ನೋಡಿದ್ರೆ ಬಿಡಿಸಿದ್ದು ಸರಿಯಾ ಅಂತ ಮಾತ್ರ ಗೊತ್ತಾಗತ್ತೆ, ಕೇಳಿದ್ದಕ್ಕೆ ಉತ್ತರವಾ ಅಂತ ಗೊತ್ತಾಗಲ್ಲ. ಪ್ರಶ್ನೆಯ ವಾಕ್ಯಕ್ಕೇ ಹಾಕಿ ನೋಡು, ರೈಲು 45ರಲ್ಲಿ ಹೋಗ್ತಿದೆ, 50 ಆದ್ರೆ ಎಷ್ಟು ಉಳಿಯತ್ತೆ ಹೇಳು ಅಂದಾಗ 48 ನಿಮಿಷ ಅಂತ ತಾನೇ ಲೆಕ್ಕ ಹಾಕಿ ಸುಮ್ಮನಾದ್ಲು. ತಾಳೆ ನೋಡೋದನ್ನ ಇಷ್ಟು ವರ್ಷ ಹೇಳ್ಕೊಡುವಾಗ ಈ ವ್ಯತ್ಯಾಸ ನಾನು ಒಂದ್ಸಲವೂ ಬಿಡಿಸಿ ಹೇಳಿರಲಿಲ್ಲ.

ನನ್ನ ಕಡೆಯಿಂದ ಇನ್ನೂ ಒಂದು ಬದಲಾವಣೆ ಆಗಿದೆ, ಅದು ಮಾಡೋಕೆ ಕಷ್ಟ. ತಪ್ಪು ಉತ್ತರ ಬಂದಾಗ ಸರಿ ಉತ್ತರ ಹೇಳೋದನ್ನ ನಿಲ್ಲಿಸಿದೀನಿ. ಮಕ್ಕಳು ಹೇಳಿ ಮಿಸ್ ಹೇಳಿ ಮಿಸ್ ಅಂತಾರೆ, ನಮಗೂ ಹೇಳಿಬಿಟ್ರೆ ಆ ಮೆಸೇಜ್ ಮುಗಿಯತ್ತೆ ಅನ್ಸತ್ತೆ, ಆದ್ರೆ ಹೇಳಿದ ಮರುಕ್ಷಣ ಅವರು ಎಲ್ಲಿ ಎಡವಿದ್ರು ಅನ್ನೋ ಗುರುತು ಅಳಿಸಿ ಹೋಗತ್ತೆ, ಆ ಹುಡುಗನ "ಓ ಹೌದು ಮಿಸ್ 40" ಥರ. ಈಗ "48 ನಿಮಿಷ ಉಳೀತಿದೆ, 1 ಗಂಟೆ ಅಲ್ಲ" ಅಂತ ಮಾತ್ರ ಬರೀತೀನಿ. ಸರಿ ಉತ್ತರ ಬಂದಾಗ್ಲೂ ಮೊದಲೆರಡು ಸಾಲು ನೋಡದೆ ವೆರಿ ಗುಡ್ ಅನ್ನಲ್ಲ. ಇದೆಲ್ಲ ಪ್ರತಿ ಲೆಕ್ಕಕ್ಕೆ ಮಾಡೋಕಾಗಲ್ಲ, ಬರೀ ಬಿಡಿಸೋ ಲೆಕ್ಕಗಳಿಗೆ ಈಗಲೂ ಉತ್ತರ ಮಾತ್ರ ನೋಡಿ ಟಿಕ್ ಹಾಕ್ತೀನಿ, ವಾಕ್ಯದ ಲೆಕ್ಕಗಳಿಗೆ ಮಾತ್ರ ಮೂರು ಸಾಲು ಕಡ್ಡಾಯ.

ಹುಡುಗ ಪೂರ್ತಿ ಸರಿಹೋದ ಅಂತ ಹೇಳಲ್ಲ. ಜವ, ಕಾಲದ ಲೆಕ್ಕ ಚೆನ್ನಾಗಿ ಬರತ್ತೆ, ಆದ್ರೆ ಆಯತದ ವಿಸ್ತೀರ್ಣದ ಲೆಕ್ಕ ಕೊಟ್ರೆ ಇನ್ನೂ ಮೊದಲು ರಫ್ ಬುಕ್ ಹಿಂದೆ ಅಪವರ್ತನಗಳ ಪಟ್ಟಿ ಬರೆದು ಉತ್ತರ ಕಂಡ್ಕೊಂಡು ಆಮೇಲೆ ಸಮೀಕರಣ ಕಟ್ತಾನೆ. ಅದಕ್ಕೆ ನಾನು ಬೇಡ ಅಂದಿಲ್ಲ, ಎರಡೂ ತಾಳೆಯಾದ್ರೆ ಅವನಿಗೇ ಧೈರ್ಯ. ಋಣ ಮೂಲವನ್ನ ಯಾಕೆ ಬಿಟ್ವಿ ಅಂತ ಬರೆಯೋದನ್ನ ಮಾತ್ರ ಹತ್ತು ಸಲ ಹೇಳಿದ್ರೂ ಮರೀತಾನೆ.

ಪ್ರಿಪರೇಟರಿ ಪರೀಕ್ಷೆಗೆ ಮೂರು ದಿನ ಇರುವಾಗ ಆ ಮೊದಲಿನ ಮೈಸೂರು ಬೆಂಗಳೂರು ಲೆಕ್ಕವನ್ನ ನಾನು ಕೇಳದೇನೇ ಮಾಡಿ ಕಳಿಸಿದ.

```
x = ಪ್ಯಾಸೆಂಜರ್ ಜವ
132/x - 132/(x+11) = 1
33, 44
```

ಸರಿ ಇದೆ ಕಂದ ಅಂತ ಬರೆದು, −44 ಎಲ್ಲಿ ಹೋಯ್ತು ಅಂತ ಕೇಳಿದೆ. "ಅಯ್ಯೋ ಮಿಸ್, ಬರೀತೀನಿ ಇರಿ" ಅಂತ ಬಂತು.